378, 377.908, 0.378: ಟೈಟ್ರೇಷನ್ ಉತ್ತರ ತಿದ್ದುವಾಗ ಯಾವುದಕ್ಕೆ ಎಷ್ಟು ಮಾರ್ಕ್ಸ್?

ಪ್ರಶ್ನೆ: ಸರ್, ಗದಗದ ಒಂದು ಡಿಗ್ರಿ ಕಾಲೇಜಿನಲ್ಲಿ ಈ ವರ್ಷದಿಂದ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದೇನೆ. ಮಕ್ಕಳಿಂದ ಬೋರ್‌ವೆಲ್ ನೀರಿನ ಗಡಸುತನ ಮಾಡಿಸಿದೆ. 25 ಮಿ.ಲೀ. ನೀರು, ಇಡಿಟಿಎ 0.01026 ಮೋಲಾರ್, ಬ್ಯುರೆಟ್ 11.4ರಿಂದ 20.6ಕ್ಕೆ ಇಳಿದಿದೆ. ಒಂದೇ ಟೇಬಲ್ಲಿನ ಹುಡುಗರು ಇದೇ ರೀಡಿಂಗ್ ಇಟ್ಟುಕೊಂಡು 378, 377.908, 0.378, 189, 360 ಅಂತ ಬೇರೆ ಬೇರೆ ಉತ್ತರ ಬರೆದಿದ್ದಾರೆ. ಯಾವುದು ಯೂನಿಟ್ ತಪ್ಪು, ಯಾವುದು ಸಾರ್ಥಕ ಅಂಕಿಯ ತಪ್ಪು, ಯಾವುದಕ್ಕೆ ಎಷ್ಟು ಮಾರ್ಕ್ಸ್ ಕಡಿಯಬೇಕು ಅಂತ ಬೇಗ ಗುರುತಿಸೋದು ಹೇಗೆ? ಎಲ್ಲರ ಲೆಕ್ಕವನ್ನೂ ಮೊದಲಿನಿಂದ ಮಾಡುತ್ತಾ ಕೂತರೆ ರಾತ್ರಿ ಮುಗಿಯೋದಿಲ್ಲ.

ಉತ್ತರ:

ಮೊದಲು ನೀವೇ ಒಂದು ಸಲ ಲೆಕ್ಕ ಮಾಡಿ ಇಟ್ಟುಕೊಳ್ಳಿ, ನಡುವೆ ಎಲ್ಲೂ ಅಂಕಿ ಕಡಿಯದೆ. 20.6ರಲ್ಲಿ 11.4 ಕಳೆದರೆ 9.2 ಮಿ.ಲೀ. ಅದನ್ನು 0.01026ರಿಂದ ಗುಣಿಸಿದರೆ 0.094392 ಮಿಲಿಮೋಲ್. ಇಡಿಟಿಎ ಒಂದು ಮೋಲ್‌ಗೆ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಒಂದೇ ಮೋಲ್. ಹಾಗಾಗಿ ನೇರ ಕ್ಯಾಲ್ಸಿಯಂ ಕಾರ್ಬೊನೇಟಿನ 100.09ರಿಂದ ಗುಣಿಸಿದರೆ 9.4477 ಮಿ.ಗ್ರಾಂ. ಇಷ್ಟು ಇರೋದು 25 ಮಿ.ಲೀ. ನೀರಿನಲ್ಲಿ, ಅಂದರೆ 0.025 ಲೀಟರಿನಲ್ಲಿ. ಭಾಗಿಸಿದರೆ ಕ್ಯಾಲ್ಕ್ಯುಲೇಟರ್ ತೋರಿಸೋದು ಲೀಟರಿಗೆ 377.908 ಮಿ.ಗ್ರಾಂ. ಇದು ತಿದ್ದೋದಕ್ಕೆ ಇಟ್ಟುಕೊಳ್ಳುವ ಸಂಖ್ಯೆ, ಮಕ್ಕಳು ಬರೆಯಬೇಕಾದ ಉತ್ತರ ಅಲ್ಲ. ಅದು ಏಕೆ ಅಂತ ಮುಂದೆ ಬರುತ್ತೇನೆ.

ಈಗ ಹುಡುಗ ಬರೆದ ಉತ್ತರವನ್ನು ಈ ಸಂಖ್ಯೆಯಿಂದ ಭಾಗಿಸಿ. ಬರೋ ಅನುಪಾತವೇ ತಪ್ಪು ಎಲ್ಲಿ ಆಗಿದೆ ಅಂತ ಹೇಳಿಬಿಡುತ್ತದೆ. ಟೈಟ್ರೇಷನ್ ಲೆಕ್ಕದಲ್ಲಿ ಇರೋದು ಬರೀ ಗುಣಾಕಾರ, ಭಾಗಾಕಾರ. ಆದ್ದರಿಂದ ಯಾವುದೋ ಒಂದು ಜಾಗದಲ್ಲಿ ತಪ್ಪು ಸಂಖ್ಯೆ ಹಾಕಿದರೆ, ಕೊನೆಯ ಉತ್ತರ ಅಷ್ಟೇ ಪಟ್ಟು ಹೆಚ್ಚು ಅಥವಾ ಕಡಿಮೆ ಆಗುತ್ತದೆ. ನಡುವೆ ಏನೇ ಮಾಡಿದ್ದರೂ ಆ ಪಟ್ಟು ಅಳಿಸಿಹೋಗೋದಿಲ್ಲ.

ನಿಮ್ಮ 189 ನೋಡಿ. ಅನುಪಾತ ಸರಿಯಾಗಿ ಅರ್ಧ. ಆ ಹುಡುಗ 100ರ ಬದಲು 50 ಹಾಕಿದ್ದಾನೆ, ಅಂದರೆ ನಾರ್ಮ್ಯಾಲಿಟಿ ಲೆಕ್ಕದ ಸಮಾನ ತೂಕವನ್ನು ಮೋಲಾರಿಟಿ ಲೆಕ್ಕದೊಳಗೆ ತಂದಿದ್ದಾನೆ. ಪಿಯುಸಿಯಲ್ಲಿ ನಾರ್ಮ್ಯಾಲಿಟಿ ರೂಢಿಯಾಗಿ ಬಂದ ಮಕ್ಕಳಲ್ಲಿ ಇದು ಜಾಸ್ತಿ ಕಾಣುತ್ತದೆ. ಉತ್ತರ 151 ಬಂದಿದ್ದರೆ ಅನುಪಾತ 0.40. ಅದು ಕ್ಯಾಲ್ಸಿಯಂನ 40.08 ಹಾಕಿದವನ ಗುರುತು. 1405 ಬಂದರೆ 3.72 ಪಟ್ಟು, ಅವನು ಇಡಿಟಿಎ ಬಾಟಲಿಯ ಮೇಲಿದ್ದ 372.24 ಎತ್ತಿ ಹಾಕಿದ್ದಾನೆ. 368 ಬಂದರೆ ಅನುಪಾತ 0.975. ಇದು ಸುಲಭವಾಗಿ ಕಣ್ಣು ತಪ್ಪಿಸುತ್ತದೆ, ಯಾಕಂದರೆ ಉತ್ತರ ನೋಡೋಕೆ ಹತ್ತಿರವೇ ಇದೆ. ಆದರೆ ಆ ಹುಡುಗ ಸ್ಟ್ಯಾಂಡರ್ಡೈಸ್ ಮಾಡಿ ತೆಗೆದ 0.01026 ಬಿಟ್ಟು, ಬಾಟಲಿ ಮೇಲಿನ 0.01 ಹಾಕಿದ್ದಾನೆ. ಅವನ ಟೇಬಲ್ ಅರ್ಧ ಗಂಟೆ ಸ್ಟ್ಯಾಂಡರ್ಡೈಸ್ ಮಾಡಿದ್ದು ವ್ಯರ್ಥ ಆಯಿತು, ಅಲ್ವಾ? ಅದನ್ನು ಅವನಿಗೆ ಹೇಳಲೇಬೇಕು.

ಇನ್ನು 0.378. ಅನುಪಾತ ಸಾವಿರದಲ್ಲಿ ಒಂದು ಭಾಗ, ಆದ್ದರಿಂದ ಎಲ್ಲರೂ ಕೂಡಲೇ ಯೂನಿಟ್ ತಪ್ಪು ಅಂತ ಕೆಂಪು ಗೆರೆ ಎಳೆಯುತ್ತಾರೆ. ಸ್ವಲ್ಪ ತಡೆಯಿರಿ. ಪಕ್ಕದಲ್ಲಿ ಏನು ಬರೆದಿದ್ದಾನೆ ನೋಡಿ. ಗ್ರಾಂ/ಲೀ. ಅಂತ ಬರೆದಿದ್ದರೆ ಉತ್ತರ ಪೂರ್ತಿ ಸರಿ. ಅವನು ಎರಡೂ ಕಡೆ ಮಿ.ಲೀ.ನಲ್ಲೇ ಇಟ್ಟು 0.01026 × 9.2 × 100.09 / 25 ಅಂತ ಮಾಡಿರುತ್ತಾನೆ. ಮೇಲಿರೋದು ಮಿ.ಗ್ರಾಂ, ಕೆಳಗಿರೋದು ಮಿ.ಲೀ., ಮತ್ತು ಒಂದು ಮಿ.ಲೀ.ಗೆ ಒಂದು ಮಿ.ಗ್ರಾಂ ಅಂದರೂ ಲೀಟರಿಗೆ ಒಂದು ಗ್ರಾಂ ಅಂದರೂ ಒಂದೇ. ಮಿ.ಗ್ರಾಂ/ಲೀ. ಅಥವಾ ಪಿಪಿಎಂ ಅಂತ ಬರೆದಿದ್ದರೆ ಮಾತ್ರ ತಪ್ಪು. ಏನೂ ಬರೆಯದೆ ಬರೀ 0.378 ಬಿಟ್ಟಿದ್ದರೆ, ನಾನು ಯೂನಿಟ್ಟಿನ ಮಾರ್ಕ್ಸ್ ಕೊಡೋದಿಲ್ಲ, ಲೆಕ್ಕದ ಮಾರ್ಕ್ಸ್ ಕೊಡುತ್ತೇನೆ.

ಎಲ್ಲಕ್ಕಿಂತ ಹುಷಾರಾಗಿ ನೋಡಬೇಕಾದ್ದು 378 ಅಂತ ಸರಿಯಾದ ಉತ್ತರ ಬರೆದವರ ಪೇಪರು. ವಿಚಿತ್ರ ಅನಿಸಬಹುದು, ಆದರೆ ಈ ಲೆಕ್ಕದಲ್ಲಿ ಎರಡು ಯೂನಿಟ್ ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಹುಡುಗ 9.2 ಮಿ.ಲೀ.ಯನ್ನು ಲೀಟರ್ ಮಾಡದೆ ಮೋಲಾರಿಟಿಯಿಂದ ಗುಣಿಸಿ "0.094392 ಮೋಲ್" ಅಂತ ಬರೆಯುತ್ತಾನೆ. ಅದು ಮಿಲಿಮೋಲ್ ಆಗಬೇಕಿತ್ತು. ಆಮೇಲೆ 100.09ರಿಂದ ಗುಣಿಸಿ "9.4477 ಗ್ರಾಂ" ಅಂತ ಬರೆಯುತ್ತಾನೆ. 25 ಮಿ.ಲೀ. ನೀರಿನಲ್ಲಿ ಒಂಬತ್ತು ಗ್ರಾಂ ಸುಣ್ಣದ ಅಂಶ ಅಂದರೆ ಎರಡು ಚಮಚದ ಹತ್ತಿರ, ಅದು ನೀರಲ್ಲ ಕೆಸರು. ಇದನ್ನು 0.025ರಿಂದ ಭಾಗಿಸಿದರೆ 378 ಬರುತ್ತದೆ. ಅವನ ಲೆಕ್ಕದ ಪ್ರಕಾರ ಇದು ಗ್ರಾಂ/ಲೀ. ಆಗಬೇಕು, ಆದರೆ ಪುಸ್ತಕದಲ್ಲಿ ಗಡಸುತನ ಮಿ.ಗ್ರಾಂ/ಲೀ. ಅಂತ ಇರುತ್ತದಲ್ಲ, ಅದನ್ನೇ ಬರೆದು ಕೆಳಗೆ ಗೆರೆ ಹೊಡೆಯುತ್ತಾನೆ. ಮೊದಲು ಸಾವಿರದಿಂದ ಭಾಗಿಸೋದು ಮರೆತ, ಕೊನೆಗೆ ಸಾವಿರದಿಂದ ಗುಣಿಸೋದು ಮರೆತ. ಉತ್ತರ ಸರಿ ಬಂತು.

ಕೊನೆಯ ಸಂಖ್ಯೆ ಮಾತ್ರ ನೋಡಿ ಟಿಕ್ ಹಾಕಿದರೆ ಈ ಹುಡುಗ ಪೂರ್ತಿ ಮಾರ್ಕ್ಸ್ ತಗೊಂಡು ಹೋಗುತ್ತಾನೆ, ಮುಂದಿನ ಸಲ ಲೀಟರಿನಲ್ಲೇ ಕೊಟ್ಟ ಲೆಕ್ಕದಲ್ಲಿ ಸಾವಿರ ಪಟ್ಟು ತಪ್ಪು ಮಾಡುತ್ತಾನೆ. ಅದಕ್ಕೆ ಪ್ರತಿ ಪೇಪರಿನಲ್ಲಿ ನಡುವಿನ ಒಂದೇ ಒಂದು ಸಾಲು ನೋಡಿ: ಮೋಲ್ ಬರೆದ ಸಾಲು. ಅಲ್ಲಿ 0.094 ಇದ್ದರೆ ಪಕ್ಕದಲ್ಲಿ ಮಿಲಿಮೋಲ್ ಇರಬೇಕು. 0.000094 ಅಥವಾ 9.4 × 10⁻⁵ ಇದ್ದರೆ ಮೋಲ್ ಇರಬೇಕು. ಅದೊಂದು ಸಾಲು ಸರಿ ಇದ್ದರೆ ಯೂನಿಟ್ ವಿಷಯದಲ್ಲಿ ಹುಡುಗನಿಗೆ ತಿಳಿದಿದೆ ಅಂತಲೇ ಲೆಕ್ಕ.

ಕ್ಯಾಲ್ಕ್ಯುಲೇಟರಿನದೂ ಒಂದು ತೊಂದರೆ ಇದೇ ಸಾಲಿನಲ್ಲಿ ಸಿಗುತ್ತದೆ. ತುಂಬಾ ಸಣ್ಣ ಸಂಖ್ಯೆ ಬಂದಾಗ ಅದು 9.4392 ಅಂತ ತೋರಿಸಿ, ಬಲಗಡೆ ತುದಿಯಲ್ಲಿ ಸಣ್ಣದಾಗಿ −05 ತೋರಿಸುತ್ತದೆ. ಅವಸರದಲ್ಲಿರೋ ಮಕ್ಕಳು ಆ −05 ಬಿಟ್ಟು ಬರೆದುಕೊಳ್ಳುತ್ತಾರೆ. ಆಗ ಅನುಪಾತ ಒಂದು ಲಕ್ಷ. ಇಷ್ಟು ದೊಡ್ಡ ಅನುಪಾತ ಕಂಡರೆ ಬೇರೆ ಕಾರಣ ಹುಡುಕೋದು ಬೇಡ.

ನೀವು ಅನುಪಾತ ಕೈಯಲ್ಲಿ ಮಾಡೋದೂ ಬೇಕಿಲ್ಲ. ಶೀಟಿನಲ್ಲಿ A ಕಾಲಮ್ಮಿಗೆ ಹುಡುಗನ ಮೊದಲ ರೀಡಿಂಗ್, B ಕಾಲಮ್ಮಿಗೆ ಕೊನೆಯ ರೀಡಿಂಗ್, C ಕಾಲಮ್ಮಿಗೆ ಅವನು ಬರೆದ ಉತ್ತರ ಹಾಕಿ. D2ರಲ್ಲಿ ಮೊದಲನೇ ಸಾಲು, E2ರಲ್ಲಿ ಎರಡನೇ ಸಾಲು:

```
=0.01026*(B2-A2)*100.09*1000/25
=C2/D2
```

ಇದನ್ನು ಕೆಳಗೆ ಎಳೆದುಬಿಟ್ಟರೆ ಪ್ರತಿಯೊಬ್ಬನ ಉತ್ತರ ಅವನದೇ ರೀಡಿಂಗಿಗೆ ಹೋಲಿಕೆ ಆಗುತ್ತದೆ. ಇದು ಮುಖ್ಯ. ಒಬ್ಬನ ಟೈಟರ್ 9.2 ಬಂದು ಇನ್ನೊಬ್ಬನದು 9.6 ಬಂದಿದ್ದರೆ ಅದು ಕೈಯ ವ್ಯತ್ಯಾಸ, ಲೆಕ್ಕದ ತಪ್ಪಲ್ಲ. ಎರಡನ್ನೂ ಬೆರೆಸಬಾರದು. E ಕಾಲಮ್ಮಿನಲ್ಲಿ 0.99ರಿಂದ 1.01ರ ಒಳಗೆ ಇದ್ದವರದು ಲೆಕ್ಕ ಸರಿ ಅಂತ ಇಟ್ಟುಕೊಳ್ಳಿ, ಉಳಿದವರ ಪೇಪರನ್ನು ಮಾತ್ರ ಪೂರ್ತಿ ಓದಿ. ಆದರೆ ಸಾರ್ಥಕ ಅಂಕಿ ನೋಡೋದಕ್ಕೆ ಶೀಟನ್ನು ನಂಬಬೇಡಿ. ಹುಡುಗ 378.0 ಅಂತ ಬರೆದದ್ದನ್ನು ನೀವು ಹಾಗೇ ಟೈಪ್ ಮಾಡಿದರೂ ಅದು ಕೊನೆಯ ಸೊನ್ನೆ ನುಂಗಿ 378 ಅಂತ ತೋರಿಸುತ್ತದೆ. ಅದನ್ನು ಪೇಪರಿನಲ್ಲೇ ನೋಡಬೇಕು.

ಈಗ ಸಾರ್ಥಕ ಅಂಕಿಗೆ ಬರೋಣ. ನಿಮ್ಮ ರೀಡಿಂಗ್ ಇದಕ್ಕೆ ಬಹಳ ಒಳ್ಳೆಯ ಉದಾಹರಣೆ.

11.4ರಲ್ಲಿ ಮೂರು ಅಂಕಿ ಇದೆ, 20.6ರಲ್ಲೂ ಮೂರು ಇದೆ. ಕಳೆದಾಗ ಬಂದ 9.2ರಲ್ಲಿ ಎರಡೇ. ಕೂಡಿಸುವಾಗ, ಕಳೆಯುವಾಗ ನೋಡಬೇಕಾದ್ದು ದಶಾಂಶದ ಸ್ಥಾನ, ಒಟ್ಟು ಅಂಕಿ ಅಲ್ಲ. ಇದನ್ನು ಮಕ್ಕಳು ಮರೆತು "ಎರಡೂ ರೀಡಿಂಗ್ ಮೂರು ಅಂಕಿ, ಹಾಗಾಗಿ 9.20" ಅಂತ ಬರೆಯುತ್ತಾರೆ. ಆ ಸೊನ್ನೆ ಅವರು ಓದಿದ್ದಲ್ಲ, ಸುಮ್ನೆ ಸೇರಿಸಿದ್ದು. 0.1 ಮಿ.ಲೀ. ಗೆರೆಗಳಿರೋ ಬ್ಯುರೆಟ್ಟಿನಲ್ಲಿ ಎರಡು ಗೆರೆಗಳ ನಡುವೆ ಕಣ್ಣಳತೆಯಲ್ಲಿ 0.05ವರೆಗೆ ಓದೋದು ಸಾಧ್ಯ. ಹಾಗೆ ಓದೋದು ನಿಮ್ಮ ಲ್ಯಾಬಿನ ರೂಢಿ ಆಗಿದ್ದರೆ ಎಲ್ಲ ರೀಡಿಂಗಿಗೂ ಎರಡು ದಶಾಂಶ ಇರಬೇಕು, ಕೊನೆಯ ಅಂಕಿ 0 ಅಥವಾ 5 ಇರಬೇಕು. 9.23 ಅಂತ ಯಾರಾದರೂ ಬರೆದಿದ್ದರೆ ಅವನನ್ನು ಕರೆದು ಕೇಳಿ. ಒಂದು ಹನಿಯೇ ಹೆಚ್ಚು ಕಡಿಮೆ 0.05 ಮಿ.ಲೀ. ಇರುತ್ತದೆ, ಆ 3 ಎಲ್ಲಿಂದ ಬಂತು? ಸಾಮಾನ್ಯವಾಗಿ ಅದು 9.2, 9.2, 9.3 ಮೂರರ ಸರಾಸರಿ ತೆಗೆದಾಗ ಬಂದ 9.2333ರ ತುಂಡು. ಸರಾಸರಿ ತೆಗೆದ ಮಾತ್ರಕ್ಕೆ ಬ್ಯುರೆಟ್ಟಿಗೆ ಹೊಸ ಗೆರೆ ಹುಟ್ಟೋದಿಲ್ಲ.

ಇನ್ನೊಂದು ಗೊಂದಲ 25ರದು. ರೆಕಾರ್ಡಿನಲ್ಲಿ "25 ಮಿ.ಲೀ." ಅಂತ ಬರೆದಿರುತ್ತಾರೆ. ಅದರಲ್ಲಿ ಎರಡೇ ಅಂಕಿ, ಆದ್ದರಿಂದ ಉತ್ತರವೂ ಎರಡೇ ಅಂಕಿ ಅಂತ ವಾದ ಮಾಡುವ ಮಕ್ಕಳು ಇರುತ್ತಾರೆ, ಹಾಗೇ ತಿದ್ದುವ ಮಾಸ್ತರೂ ಇದ್ದಾರೆ. ಅದು ಪಿಪೆಟ್. ಒಂದೇ ಗೆರೆಯ 25 ಮಿ.ಲೀ. ಪಿಪೆಟ್ಟಿನಲ್ಲಿ ಎ ದರ್ಜೆಯದಾದರೆ 0.03, ಬಿ ದರ್ಜೆಯದಾದರೆ 0.06 ಮಿ.ಲೀ. ಅಷ್ಟೇ ಆಚೀಚೆ. ಆದ್ದರಿಂದ ಅದನ್ನು 25.0 ಅಥವಾ 25.00 ಅಂತಲೇ ತಿಳಿಯಬೇಕು. ಮಿ.ಲೀ.ಯಿಂದ ಲೀಟರಿಗೆ ಹೋಗುವ 1000 ಮತ್ತು ಒಂದಕ್ಕೊಂದು ಅನ್ನೋ ಮೋಲ್ ಅನುಪಾತ, ಇವು ಎಣಿಕೆಯ ಸಂಖ್ಯೆಗಳು, ಇವಕ್ಕೆ ಅಂಕಿಯ ಮಿತಿಯೇ ಇಲ್ಲ. ಈ ಲೆಕ್ಕದಲ್ಲಿ ಕಡಿಮೆ ಅಂಕಿ ಇರೋದು 9.2ಕ್ಕೆ ಮಾತ್ರ.

ಹಾಗಾದರೆ ನಿಯಮದ ಪ್ರಕಾರ ಉತ್ತರ ಎರಡು ಅಂಕಿ: 3.8 × 10² ಮಿ.ಗ್ರಾಂ/ಲೀ. ಹೀಗೆ ಬರೆದವನಿಗೆ ಪೂರ್ತಿ ಮಾರ್ಕ್ಸ್. ಆದರೆ 378 ಬರೆದವನಿಗೆ ಕಡಿಯಬೇಕಾ? ನನ್ನ ಅಭಿಪ್ರಾಯ ಹೇಳುತ್ತೇನೆ: ಕಡಿಯಬೇಡಿ. ಕಾರಣ ಇದೆ. ಎರಡು ರೀಡಿಂಗಿನಲ್ಲೂ ಅರ್ಧ ಗೆರೆಯಷ್ಟು ಅನುಮಾನ ಇಟ್ಟರೆ 9.2ರಲ್ಲಿ 0.1 ಆಚೀಚೆ ಆಗಬಹುದು. ಅಂದರೆ ಸುಮಾರು ಶೇ. 1.1. 378ರಲ್ಲಿ ಅದು 4 ಮಿ.ಗ್ರಾಂ ಆಗುತ್ತದೆ. ನಿಜವಾದ ಉತ್ತರ 374ರಿಂದ 382ರ ನಡುವೆ ಎಲ್ಲೋ ಇದೆ. ಇದನ್ನು 3.8 × 10² ಅಂತ ಬರೆದರೆ, ಓದುವವನಿಗೆ ಹತ್ತರ ಸ್ಥಾನದಲ್ಲೇ ಅನುಮಾನ ಇದೆ ಅಂತ ಅರ್ಥ ಆಗುತ್ತದೆ. ನಮಗೆ ಗೊತ್ತಿರೋದಕ್ಕಿಂತ ಕಡಿಮೆ ಹೇಳಿದ ಹಾಗೆ ಆಯಿತು.

ಪಕ್ಕದ ಟೇಬಲ್ಲಿನವನ ಟೈಟರ್ 10.2 ಬಂದಿತ್ತು ಅಂತ ಇಟ್ಟುಕೊಳ್ಳಿ. ಅದರಲ್ಲೂ 0.1 ಆಚೀಚೆ, ಅಂದರೆ ಶೇ. 1. ನಂಬಿಕೆ ಹೆಚ್ಚು ಕಡಿಮೆ ಒಂದೇ ಮಟ್ಟದ್ದು. ಆದರೆ 10.2ರಲ್ಲಿ ಮೂರು ಅಂಕಿ ಇರೋದರಿಂದ ನಿಯಮ ಅವನಿಗೆ 419 ಅಂತ ಬರೆಯಲು ಬಿಡುತ್ತದೆ, ಇವನಿಗೆ 378 ಬರೆಯಲು ಬಿಡೋದಿಲ್ಲ. ಅಂಕಿ ಎಣಿಸುವ ನಿಯಮ ಒಂದು ಅಂದಾಜು ಮಾತ್ರ, 8 ಅಥವಾ 9ರಿಂದ ಶುರುವಾಗುವ ಸಂಖ್ಯೆ ಬಂದಾಗ ಅದು ಹೀಗೆ ಬಿಗಿಯಾಗಿಬಿಡುತ್ತದೆ. ಆದ್ದರಿಂದ ಇಂಥ ಕಡೆ ಒಂದು ಅಂಕಿ ಜಾಸ್ತಿ ಇಟ್ಟುಕೊಂಡರೆ ನ್ಯಾಯವೇ. 380 ಅಂತ ಬರೆದವನದೂ ಸರಿ, ಕೊನೆಯ ಸೊನ್ನೆ ಲೆಕ್ಕಕ್ಕಿದೆಯೋ ಇಲ್ಲವೋ ಅಂತ ಗೊತ್ತಾಗದಿದ್ದರೂ ಅದಕ್ಕೆ ಮಾರ್ಕ್ಸ್ ಕಡಿಯೋದು ಬೇಡ, ಪಕ್ಕದಲ್ಲಿ 3.8 × 10² ಅಂತ ಬರೆದು ತೋರಿಸಿ ಸಾಕು.

377.908ಕ್ಕೆ ಮಾತ್ರ ಕಡಿಯಿರಿ. ಲೀಟರಿಗೆ ನಾಲ್ಕು ಮಿ.ಗ್ರಾಂ ಅನುಮಾನ ಇರುವಾಗ ಮಿ.ಗ್ರಾಂನ ಸಾವಿರದ ಒಂದು ಭಾಗ ತನಗೆ ಗೊತ್ತು ಅಂತ ಆ ಹುಡುಗ ಹೇಳುತ್ತಿದ್ದಾನೆ. 377.9 ಬರೆದವನೂ ಅದೇ ದಾರಿಯವನು, ಸ್ವಲ್ಪ ಹಿಂದೆ ಅಷ್ಟೇ.

ನಿಮ್ಮ 360 ಇವೆಲ್ಲಕ್ಕಿಂತ ಬೇರೆ. ಅನುಪಾತ 0.953. ಇದು ಯಾವ ಪರಮಾಣು ತೂಕಕ್ಕೂ ಹೊಂದೋದಿಲ್ಲ, ಯಾವ ಯೂನಿಟ್ಟಿಗೂ ಹೊಂದೋದಿಲ್ಲ. ಅವನ ಮೋಲ್ ಸಾಲು ನೋಡಿ, ಅಲ್ಲಿ 0.00009 ಅಂತ ಇರುತ್ತದೆ. ಸರಿಯಾಗಿ ಲೀಟರ್ ಮಾಡಿದ್ದಾನೆ, 0.000094392 ಬಂದಿದೆ, "ಐದು ದಶಾಂಶ ಸಾಕು" ಅಂತ ಕಡಿದಿದ್ದಾನೆ. ಐದು ದಶಾಂಶ ಅಂದರೆ ಬಹಳ ಅಂತ ಅವನಿಗೆ ಅನಿಸಿದೆ, ಆದರೆ ಉಳಿದದ್ದು ಒಂದೇ ಸಾರ್ಥಕ ಅಂಕಿ. ಮುಂದೆ ಎಷ್ಟು ಜಾಗ್ರತೆಯಿಂದ ಗುಣಿಸಿದರೂ ಆ ನಷ್ಟ ವಾಪಸ್ ಬರೋದಿಲ್ಲ. ನಾಲ್ಕು ದಶಾಂಶಕ್ಕೆ ಕಡಿದವನಿಗೆ 0.0001 ಉಳಿದು ಉತ್ತರ 400 ಬರುತ್ತದೆ. 9.4 × 10⁻⁵ ಅಂತ ಕಡಿದವನಿಗೆ 376. ನೋಡಿ, ಒಂದೇ ರೀಡಿಂಗ್, ಒಂದೇ ವಿಧಾನ, ಉತ್ತರ 360ರಿಂದ 400ರ ತನಕ ಓಡಾಡುತ್ತಿದೆ.

ಹಾಗಾಗಿ ಮಕ್ಕಳಿಗೆ ಎರಡು ಮಾತು ಹೇಳಿ. ನಡುವಿನ ಸಾಲುಗಳಲ್ಲಿ ಬೇಕಾದ್ದಕ್ಕಿಂತ ಎರಡು ಅಂಕಿಯಾದರೂ ಜಾಸ್ತಿ ಇಟ್ಟುಕೊಳ್ಳಲಿ, ಕ್ಯಾಲ್ಕ್ಯುಲೇಟರಿನಲ್ಲಿ ಬಂದದ್ದನ್ನು ಅಳಿಸದೆ ಮುಂದುವರಿಸಿದರೆ ಇನ್ನೂ ಒಳ್ಳೆಯದು. ಕಡಿಯೋದು ಕೊನೆಯ ಸಾಲಿನಲ್ಲಿ ಒಂದೇ ಸಲ. ಮತ್ತೆ ಇಷ್ಟು ಸಣ್ಣ ಸಂಖ್ಯೆಯನ್ನು ಹತ್ತರ ಘಾತದಲ್ಲೇ ಬರೆಯಲಿ, ಆಗ ಎಷ್ಟು ಅಂಕಿ ಉಳಿದಿದೆ ಅಂತ ಕಣ್ಣಿಗೆ ಕಾಣುತ್ತದೆ. ಮಿಲಿಮೋಲಿನಲ್ಲೇ ಲೆಕ್ಕ ಮಾಡಿಸಿದರೆ ಈ ತೊಂದರೆ ಬಹುತೇಕ ಇರೋದೇ ಇಲ್ಲ. ನಾನು ಈಗ ಎಲ್ಲ ಬ್ಯಾಚಿಗೂ ಮಿಲಿಮೋಲಿನಲ್ಲೇ ಮಾಡಿಸುತ್ತೇನೆ.

ಮಾರ್ಕ್ಸ್ ವಿಷಯ. ನಾಲ್ಕು ಮಾರ್ಕ್ಸಿನ ಲೆಕ್ಕ ಅಂತ ಇಟ್ಟುಕೊಂಡರೆ ಟೈಟರಿಗೆ ಒಂದು, ಮೋಲಿನಿಂದ ತೂಕಕ್ಕೆ ಹೋದ ದಾರಿಗೆ ಒಂದು, ಯೂನಿಟ್ಟಿಗೆ ಒಂದು, ಕೊನೆಯ ಅಂಕಿಗಳಿಗೆ ಒಂದು. ಒಂದು ತಪ್ಪಿಗೆ ಒಂದೇ ಸಲ ಕಡಿಯಿರಿ. 189 ಬರೆದವನು 50 ಹಾಕಿದ್ದಕ್ಕೆ ದಾರಿಯ ಮಾರ್ಕ್ಸ್ ಕಳೆದುಕೊಂಡ, ಮುಂದಿನದನ್ನು ಅವನ ಸಂಖ್ಯೆಯಿಂದಲೇ ತಿದ್ದಿ, ಉಳಿದ ಮೂರು ಕೊಡಿ. 360 ಬರೆದವನಿಗೆ ಹೋಗೋದು ಅಂಕಿಯ ಮಾರ್ಕ್ಸ್ ಮಾತ್ರ, ಅವನ ಯೂನಿಟ್ ಪರಿವರ್ತನೆ ಸರಿಯಾಗಿದೆ ಅಂತ ಪೇಪರ್ ಮೇಲೆ ಬರೆದು ತಿಳಿಸಿ. 378 ಬರೆದು ನಡುವೆ "9.4477 ಗ್ರಾಂ" ಅಂತ ಬರೆದವನಿಗೆ ಯೂನಿಟ್ ಮಾರ್ಕ್ಸ್ ಇಲ್ಲ. ಅವನು ಬಂದು "ಸರ್ ಉತ್ತರ ಸರಿ ಇದೆಯಲ್ಲ" ಅಂತ ಕೇಳೇ ಕೇಳುತ್ತಾನೆ. ಎರಡು ಚಮಚ ಸುಣ್ಣದ ಪುಡಿಯನ್ನು ಕೋನಿಕಲ್ ಫ್ಲಾಸ್ಕಿನ 25 ಮಿ.ಲೀ. ನೀರಿಗೆ ಹಾಕಿ ತೋರಿಸಿ.

ಉತ್ತರದ ಗಾತ್ರ ನೋಡಿ ತಾವೇ ತಪ್ಪು ಹಿಡಿಯೋದನ್ನೂ ಮಕ್ಕಳಿಗೆ ಕಲಿಸಬಹುದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಒಟ್ಟು ಗಡಸುತನ ಲೀಟರಿಗೆ 200 ಮಿ.ಗ್ರಾಂ ಒಳಗೆ ಇರಬೇಕು, ಬೇರೆ ನೀರು ಸಿಗದಿದ್ದರೆ 600ರ ತನಕ ನಡೆಯುತ್ತದೆ ಅಂತ ಇದೆ. ನಮ್ಮ ಕಡೆ ಬೋರ್‌ವೆಲ್ ನೀರು ಕುದಿಸಿದ ಪಾತ್ರೆಯ ತಳಕ್ಕೆ ಬಿಳಿ ಪದರ ಕೂರೋದನ್ನು ಎಲ್ಲರೂ ಮನೆಯಲ್ಲಿ ನೋಡಿದ್ದಾರೆ. ಅಂಥ ನೀರಿಗೆ 0.378 ಮಿ.ಗ್ರಾಂ ಬಂದರೆ ಅದು ಡಿಸ್ಟಿಲ್ಡ್ ವಾಟರಿನ ಲೆಕ್ಕ. 3,78,000 ಬಂದರೆ ಒಂದು ಲೀಟರ್ ನೀರಿನಲ್ಲಿ 378 ಗ್ರಾಂ ಸುಣ್ಣ ಕರಗಿದೆ ಅಂತ ಆಯಿತು. ಎರಡೂ ಆಗೋ ಮಾತಲ್ಲ.

ಕೊನೆಯದಾಗಿ ಪ್ರಯೋಗದ್ದೇ ಒಂದು ಸಲಹೆ, ಯಾಕಂದರೆ 378ಕ್ಕೆ ಮಾರ್ಕ್ಸ್ ಕೊಡಬೇಕೋ ಬೇಡವೋ ಅನ್ನೋ ಜಗಳ ಹುಟ್ಟಿದ್ದೇ ಟೈಟರ್ 10ಕ್ಕಿಂತ ಕಡಿಮೆ ಬಂದಿದ್ದರಿಂದ. ಮುಂದಿನ ಬ್ಯಾಚಿಗೆ 20 ಮಿ.ಲೀ. ಪಿಪೆಟ್ಟಿನಿಂದ ಎರಡು ಸಲ ನೀರು ಹಾಕಿಸಿ, ಒಟ್ಟು 40 ಮಿ.ಲೀ. ಆಗ ಇದೇ ನೀರಿಗೆ ಟೈಟರ್ 14.7 ಹತ್ತಿರ ಬರುತ್ತದೆ. ಮೂರು ಅಂಕಿ ಸಿಗುತ್ತದೆ, ಅನುಮಾನವೂ ಶೇ. 0.7ಕ್ಕೆ ಇಳಿಯುತ್ತದೆ. 50 ಮಿ.ಲೀ. ತಗೊಂಡು 18 ದಾಟಿಸೋದು ಬೇಡ. ಬಫರ್ ಹಾಕಿದ ಮೇಲೆ ನೀರಿನ ಪಿಎಚ್ 10ರ ಹತ್ತಿರ ಇರುತ್ತದೆ, ಜಾಸ್ತಿ ಹೊತ್ತು ಬಿಟ್ಟರೆ ಕ್ಯಾಲ್ಸಿಯಂ ಕಾರ್ಬೊನೇಟ್ ಒತ್ತರಿಸಿ ತಳಕ್ಕೆ ಕೂರೋಕೆ ಶುರುವಾಗುತ್ತದೆ, ಎಂಡ್ ಪಾಯಿಂಟಿನ ನೀಲಿ ಬಂದು ಮತ್ತೆ ಕೆಂಪಿಗೆ ತಿರುಗುತ್ತದೆ. ಅದಕ್ಕೇ ಈ ವಿಧಾನದಲ್ಲಿ ಟೈಟರ್ 15 ಮಿ.ಲೀ. ಒಳಗೆ ಇರುವಷ್ಟು ನೀರು ತಗೊಂಡು, ಬಫರ್ ಹಾಕಿದ ಐದು ನಿಮಿಷದಲ್ಲಿ ಮುಗಿಸಬೇಕು ಅನ್ನೋದು. 40 ಮಿ.ಲೀ. ತಗೊಂಡಾಗ ಶೀಟಿನ ಸೂತ್ರದಲ್ಲಿ 25 ಇದ್ದ ಕಡೆ 40 ಹಾಕೋದು ಮರೆಯಬೇಡಿ, ಇಲ್ಲದಿದ್ದರೆ ಸರಿಯಾಗಿ ಮಾಡಿದ ಎಲ್ಲರ ಅನುಪಾತವೂ 0.625 ಅಂತ ಬರುತ್ತದೆ.